ಬಡ್ಡಿ ಇಳಿದ ರಾತ್ರಿ ಬಿಟ್‌ಕಾಯಿನ್ ಬಿದ್ದದ್ದೇಕೆ?

ಪ್ರಶ್ನೆ: ಸರ್, 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಬಡ್ಡಿ ಇಳಿಸಿದ ರಾತ್ರಿ ನಾನು ಬಿಟ್‌ಕಾಯಿನ್ ಫ್ಯೂಚರ್ಸ್‌ನಲ್ಲಿ 25x ಲಾಂಗ್ ಹಿಡಿದಿದ್ದೆ, ಅಂದರೆ ಕಟ್ಟಿದ ಹಣದ 25 ಪಟ್ಟು ಮೊತ್ತಕ್ಕೆ ಬೆಲೆ ಏರುತ್ತೆ ಅಂತ ಪಣ. ಸುಮಾರು 1,04,500 ಡಾಲರ್‌ಗೆ ತಗೊಂಡಿದ್ದೆ. ಬಡ್ಡಿ ಇಳಿದರೆ ಕ್ರಿಪ್ಟೊ ಏರುತ್ತೆ ಅಂತ ಎಲ್ಲರೂ ಹೇಳುತ್ತಿದ್ದರು. ಬಡ್ಡಿ ಇಳಿಯಿತು, ಬೆಲೆಯೂ ಇಳಿಯಿತು, ನಾನು ಲಿಕ್ವಿಡೇಟ್ ಆದೆ, ಎಕ್ಸ್‌ಚೇಂಜೇ ಪೊಸಿಷನ್ ಮುಚ್ಚಿತು, ಕಟ್ಟಿದ ಹಣ ಹೋಯಿತು. ಅಲ್ಲಿಂದೀಚೆಗೆ ಅಮೆರಿಕದ ಹಣದುಬ್ಬರದ ಅಂಕಿ ಸಿಪಿಐ, ಫೆಡ್ ಅಂದರೆ ಭಯ. ಅಂಥ ದಿನ ಮೊದಲೇ ಹೊರಗೆ ಬರಬೇಕಾ? ಸ್ಟಾಪ್ ಲಾಸ್ ಹಾಕಿದರೆ ಸಾಕಾ? ನನ್ನ ಹತ್ತಿರ ನೇರವಾಗಿ ಕೊಂಡಿಟ್ಟ ಸ್ವಲ್ಪ ಸ್ಪಾಟ್ ಬಿಟ್‌ಕಾಯಿನ್ ಕೂಡ ಇದೆ. ಅದನ್ನೂ ಪ್ರತಿ ಸಲ ಮಾರಿ ಮತ್ತೆ ಕೊಳ್ಳಬೇಕಾ?

ಉತ್ತರ: ಫೆಡ್ ಆ ದಿನ ಬಡ್ಡಿಯನ್ನು ಕಾಲು ಶೇಕಡಾ ಇಳಿಸಿ 4.25–4.50ಕ್ಕೆ ತಂದಿತು. ಆದರೆ ಮಾರುಕಟ್ಟೆಗೆ ಅದು ಸುದ್ದಿಯೇ ಆಗಿರಲಿಲ್ಲ. ಬಡ್ಡಿ ದರದ ಫ್ಯೂಚರ್ಸ್ ಬೆಲೆಗಳು ಈ ಇಳಿಕೆಗೆ ಶೇ 95ಕ್ಕೂ ಹೆಚ್ಚಿನ ಸಾಧ್ಯತೆ ಇದೆ ಎಂದು ಮೊದಲೇ ತೋರಿಸುತ್ತಿದ್ದವು. ಅಷ್ಟು ಖಚಿತವಾಗಿದ್ದ ವಿಷಯ ಬೆಲೆಯೊಳಗೆ ಆಗಲೇ ಸೇರಿರುತ್ತದೆ. ಹಿಂದಿನ ದಿನವೇ ಬಿಟ್‌ಕಾಯಿನ್ 1,08,000 ಡಾಲರ್ ಮುಟ್ಟಿತ್ತಲ್ಲ, ನೀವು ಕಾಯುತ್ತಿದ್ದ ಏರಿಕೆ ಅದೇ.

ಹೊಸ ಸುದ್ದಿ ಇದ್ದದ್ದು ಅದರ ಜೊತೆಗೆ ಬಂದ ಇನ್ನೊಂದು ಕಾಗದದಲ್ಲಿ. ಫೆಡ್ ವರ್ಷಕ್ಕೆ ಎಂಟು ಸಲ ಸಭೆ ಸೇರುತ್ತದೆ. ಅದರಲ್ಲಿ ನಾಲ್ಕು ಸಲ, ಅಂದರೆ ಮಾರ್ಚ್, ಜೂನ್, ಸೆಪ್ಟೆಂಬರ್ ಮತ್ತು ಡಿಸೆಂಬರ್‌ನಲ್ಲಿ, ಮುಂದಿನ ವರ್ಷಗಳಲ್ಲಿ ಬಡ್ಡಿ ಎಲ್ಲಿರಬಹುದು ಎಂದು ಸದಸ್ಯರು ಕೊಟ್ಟ ಅಂದಾಜನ್ನೂ ಪ್ರಕಟಿಸುತ್ತದೆ. ಡಾಟ್ ಪ್ಲಾಟ್ ಅಂತ ಕೇಳಿರುತ್ತೀರಿ, ಅದೇ ಇದು. ಸೆಪ್ಟೆಂಬರ್‌ನಲ್ಲಿ ಆ ಅಂದಾಜಿನ ಪ್ರಕಾರ 2025ರ ಕೊನೆಗೆ ಬಡ್ಡಿ ಶೇ 3.4ರ ಹತ್ತಿರ ಇರಬೇಕಿತ್ತು. ಡಿಸೆಂಬರ್‌ನಲ್ಲಿ ಅದು 3.9 ಆಯಿತು. ಅಂದರೆ ಮುಂದಿನ ವರ್ಷ ನಾಲ್ಕು ಸಲ ಇಳಿಸುತ್ತೇವೆ ಎಂದಿದ್ದವರು ಎರಡೇ ಸಲ ಎಂದರು. ಸಂಬಳ ಏರಿಸಿದ ದಿನವೇ ಬರುವ ವರ್ಷದ ಬೋನಸ್ ಅರ್ಧ ಮಾಡಿದ ಹಾಗೆ. ಷೇರುಗಳೂ ಬಿದ್ದವು, ಡೌ ಸೂಚ್ಯಂಕ ಒಂದೇ ದಿನ 1,100 ಅಂಶಕ್ಕಿಂತ ಜಾಸ್ತಿ ಕುಸಿಯಿತು. ಬಿಟ್‌ಕಾಯಿನ್ ನಮ್ಮಲ್ಲಿ ಬೆಳಗಾಗುವಷ್ಟರಲ್ಲಿ 1 ಲಕ್ಷ ಡಾಲರ್ ಸಮೀಪ ಬಂದಿತ್ತು.

ನಿಮ್ಮ ಲೆಕ್ಕ ನೋಡಿ. 25x ಅಂದರೆ ನೀವು ಕಟ್ಟಿದ ಮಾರ್ಜಿನ್ ಪೊಸಿಷನ್‌ನ ಶೇ 4. ಎಕ್ಸ್‌ಚೇಂಜ್ ಅದರಲ್ಲಿ ಸುಮಾರು ಅರ್ಧ ಶೇಕಡಾವನ್ನು ಮೇಂಟೆನೆನ್ಸ್ ಮಾರ್ಜಿನ್ ಎಂದು ಹಿಡಿದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಆಗ ಬೆಲೆ ಶೇ 3.5 ಇಳಿದರೆ ಸಾಕು, ಆಟ ಮುಗಿಯಿತು. 1,04,500ರಿಂದ ಶೇ 3.5 ಕೆಳಗೆ ಅಂದರೆ ಸುಮಾರು 1,00,800. ಅಂದರೆ ದೊಡ್ಡ ಕುಸಿತವೇನೂ ಬೇಕಿರಲಿಲ್ಲ. ಫೆಡ್ ರಾತ್ರಿಗಳಲ್ಲಿ ಶೇ 3–4 ಅಲ್ಲಾಡುವುದು ಅಪರೂಪವಲ್ಲ. ಹಾಗಾಗಿ ದಿಕ್ಕು ತಪ್ಪಿದ್ದಕ್ಕಿಂತ ಅಳತೆ ತಪ್ಪಿದ್ದೇ ನಿಮಗೆ ಜಾಸ್ತಿ ಪೆಟ್ಟು ಕೊಟ್ಟಿತು ಎಂಬುದು ನನ್ನ ಅಭಿಪ್ರಾಯ. ದಿಕ್ಕು ಸರಿಯಾಗಿದ್ದರೂ, ಮೇಲೆ ಹೋಗುವ ಮೊದಲು ಒಂದು ಸಲ ಕೆಳಗೆ ಇಣುಕಿ ಬಂದಿದ್ದರೆ ಇದೇ ಗತಿ ಆಗುತ್ತಿತ್ತು.

ಸಿಪಿಐ ವಿಷಯದಲ್ಲೂ ಇದೇ ಕಥೆ. ಇದಕ್ಕೆ ನನಗೆ ಸಿಕ್ಕ ಸ್ಪಷ್ಟ ಉದಾಹರಣೆ 2022ರ ಸೆಪ್ಟೆಂಬರ್ 13. ಆಗಸ್ಟ್ ತಿಂಗಳ ಹಣದುಬ್ಬರ ಶೇ 8.3 ಎಂದು ಬಂತು. ಅದರ ಹಿಂದಿನ ತಿಂಗಳು 8.5 ಇತ್ತು. ಸುಮ್ನೆ ಶೀರ್ಷಿಕೆ ಓದಿದವರು 'ಹಣದುಬ್ಬರ ಇಳಿಯಿತು, ಒಳ್ಳೆಯದಾಯಿತು' ಅನ್ನಬಹುದಿತ್ತು. ಆದರೆ ಮಾರುಕಟ್ಟೆ ಕಾದಿದ್ದದ್ದು 8.1ಕ್ಕೆ. ಅದಕ್ಕಿಂತ ಮುಖ್ಯವಾಗಿ, ಆಹಾರ ಮತ್ತು ಇಂಧನ ಬಿಟ್ಟು ಲೆಕ್ಕ ಹಾಕುವ ಕೋರ್ ಸಿಪಿಐ ಒಂದು ತಿಂಗಳಲ್ಲಿ 0.3 ಏರಬಹುದು ಎಂದಿದ್ದದ್ದು 0.6 ಏರಿತ್ತು. ಎರಡು ಪಟ್ಟು. ಬಿಟ್‌ಕಾಯಿನ್ ಪ್ರಕಟಣೆಗೆ ಮುಂಚೆ 22,500 ಡಾಲರ್ ಆಸುಪಾಸಿನಲ್ಲಿತ್ತು, ದಿನ ಮುಗಿಯುವ ಹೊತ್ತಿಗೆ 20,200ರ ಹತ್ತಿರ ಬಂದಿತ್ತು. ಸುಮಾರು ಶೇ 10. ಅದೇ ದಿನ ಎಸ್‌ ಅಂಡ್ ಪಿ 500 ಶೇ 4.3 ಬಿತ್ತು. ಒಂದು ವಾರದ ನಂತರ ಫೆಡ್ ಬಡ್ಡಿಯನ್ನು ಮುಕ್ಕಾಲು ಶೇಕಡಾ ಏರಿಸಿತು.

ಹಾಗಾಗಿ ಸಿಪಿಐ ಬಂದಾಗ ವಾರ್ಷಿಕ ಅಂಕಿಯ ಹಿಂದೆ ಹೋಗಬೇಡಿ. ಕೋರ್ ಸಿಪಿಐ ತಿಂಗಳಿಂದ ತಿಂಗಳಿಗೆ ಎಷ್ಟು ಏರಿತು, ನಿರೀಕ್ಷೆ ಎಷ್ಟಿತ್ತು, ಇವೆರಡರ ವ್ಯತ್ಯಾಸ ನೋಡಿ. 0.3 ಕಾದಲ್ಲಿ 0.4 ಬಂದರೂ ದೊಡ್ಡ ವಿಷಯವೇ, ಯಾಕೆಂದರೆ ಅದು ವರ್ಷಕ್ಕೆ ಹರಡಿದರೆ ಶೇ 1ಕ್ಕಿಂತ ಹೆಚ್ಚಾಗುತ್ತದೆ. ಅದು ಬಿಟ್‌ಕಾಯಿನ್‌ಗೆ ಯಾಕೆ ತಟ್ಟಬೇಕು ಅಂದರೆ, ಬಿಟ್‌ಕಾಯಿನ್ ಬಡ್ಡಿ ಕೊಡುವುದಿಲ್ಲ, ಲಾಭಾಂಶ ಕೊಡುವುದಿಲ್ಲ. ಅಮೆರಿಕದ ಎರಡು ವರ್ಷದ ಸರ್ಕಾರಿ ಬಾಂಡ್ ಜಾಸ್ತಿ ಬಡ್ಡಿ ಕೊಡುತ್ತದೆ ಅಂದ ತಕ್ಷಣ ಇದನ್ನು ಹಿಡಿದು ಕೂರುವುದು ದುಬಾರಿ ಆಗುತ್ತದೆ. ಡಾಲರ್ ಬಲವಾಗುತ್ತದೆ, ದೊಡ್ಡ ಹೂಡಿಕೆದಾರರು ರಿಸ್ಕ್ ಇರುವುದನ್ನೆಲ್ಲ ಒಟ್ಟಿಗೆ ಕಡಿಮೆ ಮಾಡುತ್ತಾರೆ. ನಮ್ಮ ಆರ್‌ಬಿಐ ರೆಪೊ ದರಕ್ಕೋ ಭಾರತದ ಸಿಪಿಐಗೋ ಬಿಟ್‌ಕಾಯಿನ್ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ದಿನಗಳಿಗೆ ನೀವು ಪ್ಲಾನ್ ಮಾಡಬೇಕಿಲ್ಲ.

ಈಗ ಸಮಯದ ವಿಷಯ. ಇದು ಚಿಕ್ಕದಾಗಿ ಕಂಡರೂ ಇಲ್ಲೇ ತುಂಬಾ ಜನ ಎಡವುತ್ತಾರೆ. ಅಮೆರಿಕದ ಸಿಪಿಐ ಅವರ ಪೂರ್ವ ಕರಾವಳಿಯ ಸಮಯ ಬೆಳಗ್ಗೆ 8:30ಕ್ಕೆ ಬರುತ್ತದೆ. ಅಲ್ಲಿ ಬೇಸಿಗೆ ಗಡಿಯಾರ ಇರುವಾಗ ನಮಗೆ ಸಂಜೆ 6, ಇಲ್ಲದಿದ್ದಾಗ ಸಂಜೆ 7. ಫೆಡ್ ನಿರ್ಧಾರ ಅಲ್ಲಿ ಮಧ್ಯಾಹ್ನ 2ಕ್ಕೆ. ನಮಗೆ ರಾತ್ರಿ 11:30 ಅಥವಾ 12:30. ಅದಾದ ಅರ್ಧ ಗಂಟೆಗೆ ಅಧ್ಯಕ್ಷರ ಪತ್ರಿಕಾಗೋಷ್ಠಿ. ಗಡಿಯಾರ ಬದಲಾಗುವುದು ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. ಚಳಿಗಾಲದಲ್ಲಿ ಫೆಡ್ ನಿರ್ಧಾರ ನಮ್ಮ ಕ್ಯಾಲೆಂಡರ್‌ನಲ್ಲಿ ಮರುದಿನದ ತಾರೀಖಿಗೆ ಹೋಗುತ್ತದೆ. ನಿಮ್ಮ ಲಿಕ್ವಿಡೇಶನ್ ಕೂಡ ಡಿಸೆಂಬರ್ 18ರ ಬದಲು 19ನೇ ತಾರೀಖಿನಲ್ಲೇ ದಾಖಲಾಗಿರುತ್ತದೆ, ಒಮ್ಮೆ ನೋಡಿ. ದಿನಾಂಕಗಳನ್ನು bls.gov ಮತ್ತು federalreserve.gov ನಲ್ಲೇ ನೋಡಿಕೊಳ್ಳಿ. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರದ ಕೆಲಸ ನಿಂತಾಗ ಸೆಪ್ಟೆಂಬರ್ ಸಿಪಿಐ ತಡವಾಗಿ ಅಕ್ಟೋಬರ್ 24ಕ್ಕೆ ಬಂತು, ಅಕ್ಟೋಬರ್‌ನದು ಬರಲೇ ಇಲ್ಲ. ಹಳೆಯ ಪಟ್ಟಿ ಇಟ್ಟುಕೊಂಡು ಕಾದವರು ಕಾದದ್ದೇ ಬಂತು.

ಇನ್ನು ನಿಮ್ಮ ಸ್ಟಾಪ್ ಲಾಸ್ ಪ್ರಶ್ನೆ. ಹಾಕಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಅಂಕಿ ಬರುವ ಒಂದೆರಡು ನಿಮಿಷ ಮೊದಲು, ಕೊಳ್ಳಲೂ ಮಾರಲೂ ಸದಾ ಆರ್ಡರ್ ಇಟ್ಟಿರುವ ಮಾರ್ಕೆಟ್ ಮೇಕರ್‌ಗಳು ತಮ್ಮ ಆರ್ಡರ್‌ಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಗೊತ್ತಿಲ್ಲದ ಸುದ್ದಿಯ ಎದುರು ಯಾರು ತಾನೇ ದೊಡ್ಡ ಆರ್ಡರ್ ಇಟ್ಟು ಕಾಯುತ್ತಾರೆ? ಆರ್ಡರ್ ಬುಕ್ ತೆರೆದು ನೋಡಿದರೆ ನಿಮಗೇ ಕಾಣುತ್ತದೆ. ಬೆಲೆಯ ಹತ್ತಿರ ಇರುವ ಪ್ರಮಾಣ ಮಾಮೂಲಿ ದಿನದ ಅರ್ಧಕ್ಕಿಂತ ಕಡಿಮೆ ಆಗಿರಬಹುದು, ಕೊಳ್ಳುವ ಮತ್ತು ಮಾರುವ ಬೆಲೆಯ ನಡುವಿನ ಅಂತರ ಅಗಲವಾಗಿರುತ್ತದೆ. ಆ ತೆಳ್ಳಗಿನ ಪುಸ್ತಕದ ಮೇಲೆ ನೂರಾರು ಜನರ ಸ್ಟಾಪ್ ಒಂದೇ ಸಲ ಬಿದ್ದರೆ, ಸ್ಟಾಪ್ ಮಾರ್ಕೆಟ್ ಆರ್ಡರ್ ನೀವು ಬರೆದ ಬೆಲೆಗಿಂತ ಬಹಳ ಕೆಳಗೆ ಮಾರಾಟ ಆಗುತ್ತದೆ. ಅದನ್ನು ತಪ್ಪಿಸೋಣ ಅಂತ ಸ್ಟಾಪ್ ಲಿಮಿಟ್ ಹಾಕಿದರೆ ಇನ್ನೊಂದು ಕಷ್ಟ. ಬೆಲೆ ನಿಮ್ಮ ಲಿಮಿಟನ್ನು ಹಾರಿ ಕೆಳಗೆ ಹೋದರೆ ಆರ್ಡರ್ ಹಾಗೇ ನೇತಾಡುತ್ತದೆ, ಪೊಸಿಷನ್ ಲಿಕ್ವಿಡೇಶನ್ ಕಡೆಗೆ ಜಾರುತ್ತದೆ. ಮೂರನೆಯದೂ ಇದೆ. ಒಂದು ಸೂಜಿಯಂಥ ಕ್ಯಾಂಡಲ್ ಕೆಳಗೆ ಇಳಿದು ನಿಮ್ಮ ಸ್ಟಾಪ್ ಮುಟ್ಟಿ, ನಿಮಿಷದೊಳಗೆ ವಾಪಸ್ ಮೇಲೆ ಹೋಗುವುದು. ಸ್ಟಾಪ್ ಅನ್ನು ಕೊನೆಯ ವ್ಯವಹಾರದ ಬೆಲೆಯ ಬದಲು ಮಾರ್ಕ್ ಪ್ರೈಸ್‌ಗೆ ಕಟ್ಟಿದರೆ ಈ ಮೂರನೆಯದು ಸ್ವಲ್ಪ ಕಡಿಮೆ ಆಗುತ್ತದೆ. ಮಾರ್ಕ್ ಪ್ರೈಸ್ ಹಲವು ಎಕ್ಸ್‌ಚೇಂಜ್‌ಗಳ ಸ್ಪಾಟ್ ಬೆಲೆಯಿಂದ ಬರುವುದರಿಂದ ಒಂದು ಕಡೆಯ ಸೂಜಿಗೆ ಅಷ್ಟು ಬೆದರುವುದಿಲ್ಲ. ಮೊದಲಿನ ಎರಡಕ್ಕೆ ಮಾತ್ರ ಒಂದೇ ಮದ್ದು: ಪೊಸಿಷನ್ ಚಿಕ್ಕದಿರಬೇಕು.

ಎಷ್ಟು ಚಿಕ್ಕದು? ಇದನ್ನು ಊಹೆ ಮಾಡಬೇಕಿಲ್ಲ. ಆ ರಾತ್ರಿ ಎಷ್ಟು ಅಲ್ಲಾಟ ಆಗಬಹುದು ಎಂದು ಆಪ್ಷನ್ಸ್ ಮಾರುಕಟ್ಟೆ ಬೆಲೆ ಕಟ್ಟಿ ಹೇಳುತ್ತದೆ. ಡೆರಿಬಿಟ್ ಎಂಬ ಎಕ್ಸ್‌ಚೇಂಜ್‌ನಲ್ಲಿ ಬಿಟ್‌ಕಾಯಿನ್ ಆಪ್ಷನ್‌ಗಳು ದಿನಾ ಭಾರತೀಯ ಸಮಯ ಮಧ್ಯಾಹ್ನ 1:30ಕ್ಕೆ ಮುಗಿಯುತ್ತವೆ. ಘಟನೆ ಆದ ಕೂಡಲೇ ಮುಗಿಯುವ ಆಪ್ಷನ್ ತೆರೆಯಿರಿ. ಈಗಿನ ಬೆಲೆಗೆ ಅತಿ ಹತ್ತಿರದ ಸ್ಟ್ರೈಕ್‌ನಲ್ಲಿ ಏರಿದರೆ ಲಾಭ ಕೊಡುವ ಕಾಲ್ ಮತ್ತು ಇಳಿದರೆ ಲಾಭ ಕೊಡುವ ಪುಟ್ ಎರಡರ ಬೆಲೆ ಕೂಡಿಸಿ. ಅಲ್ಲಿ ಬೆಲೆ ಬಿಟ್‌ಕಾಯಿನ್‌ನಲ್ಲೇ ಇರುವುದರಿಂದ ಲೆಕ್ಕ ಸುಲಭ. ಕಾಲ್ 0.011, ಪುಟ್ 0.011 ಇದ್ದರೆ ಒಟ್ಟು 0.022, ಅಂದರೆ ಶೇ 2.2. ಮೇಲೆ ಅಥವಾ ಕೆಳಗೆ ಸುಮಾರು ಅಷ್ಟು ಚಲಿಸಬಹುದು ಎಂದು ಮಾರುಕಟ್ಟೆ ಅಂದಾಜು ಮಾಡಿದೆ. ನೀವು ಆಪ್ಷನ್ ಕೊಳ್ಳಬೇಕಿಲ್ಲ, ಬೆಲೆ ಓದಿದರೆ ಸಾಕು.

ಆದರೆ ಅದು ಸರಾಸರಿ ಥರದ ಅಂಕಿ. ಅಚ್ಚರಿ ದೊಡ್ಡದಿದ್ದರೆ ಅದಕ್ಕಿಂತ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಆಗುತ್ತದೆ. ಅದಕ್ಕೇ ನಾನು ಎರಡರಿಂದ ಗುಣಿಸಿ, ಬರೆದ ಬೆಲೆಗಿಂತ ಕೆಳಗೆ ಮಾರಾಟವಾಗುವ ಸ್ಲಿಪೇಜ್‌ಗೆ ಮೇಲೆ ಒಂದು ಶೇಕಡಾ ಸೇರಿಸುತ್ತೇನೆ. 2.2 ಇದ್ದದ್ದು 5.4 ಆಯಿತು. ಈಗ ನಿಮ್ಮ ಖಾತೆಯಲ್ಲಿ ₹1,00,000 ಇದೆ, ಒಂದು ವ್ಯವಹಾರದಲ್ಲಿ ₹2,000ಕ್ಕಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ ಎಂದು ನಿಶ್ಚಯಿಸಿದ್ದೀರಿ ಎಂದುಕೊಳ್ಳಿ. ಮಾಮೂಲಿ ದಿನ ಶೇ 1.5 ದೂರದಲ್ಲಿ ಸ್ಟಾಪ್ ಇಟ್ಟರೆ 2,000ವನ್ನು 0.015ರಿಂದ ಭಾಗಿಸಿ ಸುಮಾರು ₹1,33,000 ಪೊಸಿಷನ್ ಹಿಡಿಯಬಹುದು. ಘಟನೆಯ ದಿನ 2,000ವನ್ನು 0.054ರಿಂದ ಭಾಗಿಸಿ. ಸುಮಾರು ₹37,000. ಅಂದರೆ ಪೊಸಿಷನ್ ನಿಮ್ಮ ಬಂಡವಾಳಕ್ಕಿಂತಲೂ ಚಿಕ್ಕದು. ನಿಮ್ಮ 25x ಪೊಸಿಷನ್ ಪೂರ್ತಿ ಖಾತೆಯ ಮೇಲಿದ್ದಿದ್ದರೆ ಅದು ₹25 ಲಕ್ಷದ್ದು. ಎರಡರ ನಡುವಿನ ದೂರ ನೋಡಿ.

₹37,000 ಪೊಸಿಷನ್ ಹಿಡಿದು ರಾತ್ರಿ ಎಚ್ಚರ ಇರುವುದು ಯಾಕೆ ಅನ್ನಿಸಿದರೆ, ಅದೂ ಸರಿಯಾದ ಉತ್ತರವೇ. ಹೊರಗೆ ಇರಿ. ನನ್ನನ್ನು ಕೇಳಿದರೆ ಲಿವರೇಜ್ ಇರುವ ಪೊಸಿಷನ್‌ಗೆ ನಾನು ಕೊಡುವ ಮೊದಲ ಸಲಹೆ ಅದೇ. ಹೊರಗೆ ಬರುವುದಾದರೆ ಕೊನೆಯ ಐದು ನಿಮಿಷಕ್ಕೆ ಬಿಡಬೇಡಿ, ಆಗಲೇ ಆರ್ಡರ್ ಬುಕ್ ತೆಳ್ಳಗಾಗಿರುತ್ತದೆ. ಒಂದೆರಡು ಗಂಟೆ ಮೊದಲೇ ಬನ್ನಿ. ಹಿಡಿದೇ ಇರುತ್ತೀರಿ ಅಂದರೆ ಐಸೊಲೇಟೆಡ್ ಮಾರ್ಜಿನ್‌ನಲ್ಲಿಡಿ. ಕ್ರಾಸ್‌ನಲ್ಲಿದ್ದರೆ ಒಂದು ಪೊಸಿಷನ್ ಉಳಿಸಲು ಹೋಗಿ ವಾಲೆಟ್‌ನಲ್ಲಿರುವ ಉಳಿದ ಹಣವೂ ಹೋಗುತ್ತದೆ.

ಪುಟ್ ಕೊಂಡು ರಕ್ಷಣೆ ಮಾಡಿಕೊಳ್ಳಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಮಾಡಬಹುದು. ಆದರೆ ಘಟನೆಗೆ ಮುಂಚೆ ಆಪ್ಷನ್ ಬೆಲೆ ಉಬ್ಬಿರುತ್ತದೆ, ಸುದ್ದಿ ಬಂದ ಕ್ಷಣ ಆ ಉಬ್ಬು ಇಳಿಯುತ್ತದೆ. ಬೆಲೆ ಶೇ 1 ಬಿದ್ದರೂ ನಿಮ್ಮ ಪುಟ್ ನಷ್ಟದಲ್ಲಿರಬಹುದು. ದೊಡ್ಡ ಮೊತ್ತದ ಸ್ಪಾಟ್ ಇರುವವರಿಗೆ ಅದು ವಿಮೆ, ನಮ್ಮಂಥ ಚಿಕ್ಕ ಖಾತೆಗೆ ಖರ್ಚು.

ಹಿಡಿಯುವ ಮೊದಲು ಇನ್ನೊಂದನ್ನು ನೋಡಿ: ಫಂಡಿಂಗ್ ದರ, ಅಂದರೆ ಲಾಂಗ್ ಮತ್ತು ಶಾರ್ಟ್ ಹಿಡಿದವರು ಒಬ್ಬರಿಗೊಬ್ಬರು ಕೊಡುವ ಶುಲ್ಕ. ಮುಗಿಯುವ ದಿನಾಂಕವೇ ಇಲ್ಲದ ಪರ್ಪೆಚುಯಲ್ ಫ್ಯೂಚರ್ಸ್‌ನಲ್ಲಿ ಅನೇಕ ಕಡೆ ಎಂಟು ಗಂಟೆಗೆ 0.01 ಶೇಕಡಾ ಮಾಮೂಲು. ಅದು 0.04, 0.05 ಆಗಿದ್ದರೆ ಲಾಂಗ್ ಕಡೆ ಜನ ತುಂಬಿದ್ದಾರೆ ಎಂದರ್ಥ. ಆಗ ಒಳ್ಳೆಯ ಸುದ್ದಿಗೆ ಹೊಸದಾಗಿ ಕೊಳ್ಳುವವರು ಕಡಿಮೆ, ಕೆಟ್ಟ ಸುದ್ದಿಗೆ ಒಬ್ಬರ ಲಿಕ್ವಿಡೇಶನ್ ಇನ್ನೊಬ್ಬರದನ್ನು ಎಳೆಯುತ್ತದೆ. ಬೀಳುವ ಅಪಾಯ ಏರುವ ಅವಕಾಶಕ್ಕಿಂತ ದೊಡ್ಡದಾಗುತ್ತದೆ. ಫಂಡಿಂಗ್ ಋಣಾತ್ಮಕವಾಗಿದ್ದರೆ ಉಲ್ಟಾ, ಶಾರ್ಟ್ ಮಾಡಿದವರಿಗೆ ಬಿಸಿ ತಟ್ಟುತ್ತದೆ.

ಸುದ್ದಿ ಬಂದ ಮೇಲೆ ಒಳಗೆ ಹೋಗಬೇಕು ಅನ್ನುವವರಿಗೆ ನನ್ನ ಮಾತು: ಮೊದಲ ಕ್ಯಾಂಡಲ್ ನಿಮ್ಮದಲ್ಲ. ಅದು ಅಂಕಿಯನ್ನು ಕಣ್ಣು ಮಿಟುಕಿಸುವುದರೊಳಗೆ ಓದುವ ಕಂಪ್ಯೂಟರ್‌ಗಳದ್ದು. ಸಿಪಿಐ ಸಂಜೆ ಅಮೆರಿಕದ ಷೇರುಪೇಟೆ ತೆರೆಯುವವರೆಗೆ, ಅಂದರೆ ಸರಿಯಾಗಿ ಒಂದು ಗಂಟೆ ಕಾಯಿರಿ. ಷೇರುಪೇಟೆಯ ದೊಡ್ಡ ಹಣ ಆ ಅಂಕಿಯನ್ನು ಹೇಗೆ ತೆಗೆದುಕೊಂಡಿತು ಎಂದು ಗೊತ್ತಾಗುವುದು ಆಗಲೇ. ಫೆಡ್ ರಾತ್ರಿ ಪತ್ರಿಕಾಗೋಷ್ಠಿಯಲ್ಲಿ ಪ್ರಶ್ನೋತ್ತರ ನಡೆಯುವವರೆಗೆ ಕಾಯಿರಿ. 2025ರ ಅಕ್ಟೋಬರ್ 29ರಂದು ಕಾಲು ಶೇಕಡಾ ಇಳಿಕೆ ಎಲ್ಲರೂ ಕಾದ ಹಾಗೇ ಬಂತು. ಆಮೇಲೆ ಡಿಸೆಂಬರ್‌ನಲ್ಲೂ ಇಳಿಕೆ ಖಚಿತ ಎಂದುಕೊಳ್ಳಬೇಡಿ ಎಂದು ಆಗಿನ ಫೆಡ್ ಅಧ್ಯಕ್ಷ ಪವೆಲ್ ಅಂದರು, ಮಾರುಕಟ್ಟೆ ಮುಖ ಬಾಡಿತು. ಹೇಳಿಕೆ ಓದಿ ಲಾಂಗ್ ಹೋದವರಿಗೆ ಅರ್ಧ ಗಂಟೆಯಲ್ಲೇ ಪೆಟ್ಟು. ಕಾದದ್ದು ಸರಿಯಾಯಿತೇ ಎಂದು ತಿಳಿಯಲು ಎರಡು ವರ್ಷದ ಬಾಂಡ್‌ನ ಯೀಲ್ಡ್ ಪಕ್ಕದಲ್ಲಿಟ್ಟುಕೊಳ್ಳಿ. ಬಿಟ್‌ಕಾಯಿನ್ ಏರುತ್ತಿದೆ, ಯೀಲ್ಡ್ ಕೂಡ ಏರುತ್ತಿದೆ ಅಂದರೆ ಆ ಏರಿಕೆಯನ್ನು ನಾನಂತೂ ನಂಬುವುದಿಲ್ಲ.

ಕೊನೆಯದು ನಿಮ್ಮ ಸ್ಪಾಟ್. ಅದನ್ನು ಮುಟ್ಟಬೇಡಿ ಅನ್ನುತ್ತೇನೆ, ಕಾರಣ ನಮ್ಮ ತೆರಿಗೆ. ವರ್ಷಕ್ಕೆ ಹನ್ನೆರಡು ಸಿಪಿಐ, ಎಂಟು ಫೆಡ್ ಸಭೆ, ಒಟ್ಟು ಇಪ್ಪತ್ತು ಸಲ. ಪ್ರತಿ ಸಲ ಪೂರ್ತಿ ಮಾರಿದರೆ ಪ್ರತಿ ಮಾರಾಟಕ್ಕೂ ಶೇ 1 ಟಿಡಿಎಸ್ ಕತ್ತರಿಸುತ್ತಾರೆ. ಉಳಿದ ಹಣದಲ್ಲಿ ಮತ್ತೆ ಕೊಂಡು ಮತ್ತೆ ಮಾರಿದರೆ, ಬೆಲೆ ಒಂದಿಷ್ಟೂ ಬದಲಾಗದಿದ್ದರೂ ಇಪ್ಪತ್ತನೇ ಸಲದ ಹೊತ್ತಿಗೆ ನಿಮ್ಮ ಬಂಡವಾಳದ ಶೇ 18 ಟಿಡಿಎಸ್‌ನಲ್ಲಿ ಸಿಕ್ಕಿಕೊಂಡಿರುತ್ತದೆ. ರಿಟರ್ನ್ ಹಾಕಿದಾಗ ಅದು ನಿಮ್ಮ ತೆರಿಗೆಗೆ ಹೊಂದುತ್ತದೆ ಅಥವಾ ವಾಪಸ್ ಬರುತ್ತದೆ, ನಿಜ. ಅಲ್ಲಿಯವರೆಗೆ ಆ ಹಣಕ್ಕೆ ಬಿಟ್‌ಕಾಯಿನ್ ನಿಮ್ಮ ಕೈಯಲ್ಲಿರುವುದಿಲ್ಲ. ಎಕ್ಸ್‌ಚೇಂಜ್ ಶುಲ್ಕ ಬೇರೆ. ಅದಕ್ಕಿಂತ ನೋವಿನದು ನಷ್ಟದ ನಿಯಮ. ಒಂದು ಸಲ ₹10,000 ಲಾಭ, ಇನ್ನೊಂದು ಸಲ ₹10,000 ನಷ್ಟ ಆಯಿತು ಅನ್ನಿ. ನಿಮ್ಮ ಜೇಬಿಗೆ ಬಂದದ್ದು ಸೊನ್ನೆ. ಆದರೆ ಕ್ರಿಪ್ಟೊ ನಷ್ಟವನ್ನು ಕ್ರಿಪ್ಟೊ ಲಾಭದ ಎದುರಿಗೂ ಕಳೆಯಲು ಬಿಡುವುದಿಲ್ಲವಾದ್ದರಿಂದ, ಲಾಭದ ₹10,000ಕ್ಕೆ ಶೇ 30 ಮತ್ತು ಸೆಸ್ ಸೇರಿ ₹3,120 ಕಟ್ಟಬೇಕು. ಶೇ 3–4ರ ಒಂದು ರಾತ್ರಿಯ ಕುಸಿತ ತಪ್ಪಿಸಲು ಇಷ್ಟೆಲ್ಲ ಕೊಡುವುದು ಲೆಕ್ಕಕ್ಕೆ ಕೂರುವುದಿಲ್ಲ. ಸ್ಪಾಟ್ ನಿಮಗೆ ನಿದ್ದೆ ಕೆಡಿಸುವಷ್ಟು ದೊಡ್ಡದಾಗಿದ್ದರೆ, ಸಿಪಿಐ ಇಲ್ಲದ ಯಾವುದೋ ಒಂದು ಮಂಗಳವಾರ ಒಂದೇ ಸಲ ಒಂದು ಪಾಲು ಮಾರಿ ಬಿಡಿ.